ಹೀಟರ್ ಕೊಳ್ಳುವ ಮುನ್ನ ಕರೆಂಟ್ ಬಿಲ್ ತೆಗೆದು ನೋಡಿ

ಜಮಖಂಡಿಯ ಅಂಗಡಿಗಳಲ್ಲಿ ಡಿಸೆಂಬರ್ ಬಂತೆಂದರೆ ಕೂಲರ್ ಇದ್ದ ಜಾಗಕ್ಕೆ ಹೀಟರ್ ಬಂದು ನಿಲ್ಲುತ್ತವೆ. ಸಾವಿರ, ಒಂದೂವರೆ ಸಾವಿರಕ್ಕೆ ಕ್ವಾರ್ಟ್ಜ್ ಹೀಟರ್. ಅದಕ್ಕಿಂತ ತುಸು ಹೆಚ್ಚು ಕೊಟ್ಟರೆ ಫ್ಯಾನ್ ಹೀಟರ್. ಏಳೆಂಟು ಸಾವಿರದಿಂದ ಮೇಲಕ್ಕೆ ಎಣ್ಣೆ ತುಂಬಿದ ರೇಡಿಯೇಟರ್. ಅವ್ವನ ಕೋಣೆಗೆ ಒಂದು ಬೇಕೆಂದು ಕೇಳಿದಾಗ ಅಂಗಡಿಯವರು ದೊಡ್ಡದನ್ನೇ ಮುಂದೆ ಸರಿಸಿದರು. "ಆಯಿಲ್‌ದು ತಗೋರಿ ಸರ್, ರೊಕ್ಕ ಜಾಸ್ತಿ ಆದ್ರೂ ಕರೆಂಟ್ ಕಡಿಮಿ ತಿಂತೈತಿ. ಕ್ವಾರ್ಟ್ಜ್ ಆದ್ರ ಕ್ವಾಣ್ಯಾನ ಆಕ್ಸಿಜನ್ನೂ ತಿಂತೈತ್ರಿ" ಅಂದರು.

ಎರಡೂ ಮಾತು ನಿಲ್ಲುವುದಿಲ್ಲ. ಈ ಮೂರರಲ್ಲಿ ಯಾವುದರಲ್ಲೂ ಏನೂ ಉರಿಯುವುದಿಲ್ಲ, ಹಾಗಾಗಿ ಆಮ್ಲಜನಕ ಕಡಿಮೆಯಾಗುವ ಪ್ರಶ್ನೆಯೇ ಇಲ್ಲ. ಆ ಭಯ ಇರಬೇಕಾದದ್ದು ಬಾಗಿಲು ಮುಚ್ಚಿ ಕೆಂಡ ಇಟ್ಟುಕೊಳ್ಳುವವರಿಗೆ. ಇನ್ನು ಕರೆಂಟಿನ ಮಾತು. ಸಾವಿರ ವ್ಯಾಟಿನ ಹೀಟರ್ ಒಂದು ತಾಸು ನಡೆದರೆ ಒಂದು ಯೂನಿಟ್. ಆ ಯೂನಿಟ್ಟಿನಿಂದ ಹೊರಡುವ ಶಾಖ ಮೂರರಲ್ಲೂ ಒಂದೇ, ಸುಮಾರು 860 ಕಿಲೋಕ್ಯಾಲರಿ. ರೇಡಿಯೇಟರಿನ ಎಣ್ಣೆ ಇಂಧನವಲ್ಲ. ಮುಚ್ಚಿದ ಫಿನ್‌ಗಳೊಳಗೆ ಕಾದು, ಶಾಖವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದಷ್ಟೇ ಅದರ ಕೆಲಸ. ಹೀಗಾಗಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಆ ಶಾಖ ಎಲ್ಲಿಗೆ ಹೋಗುತ್ತದೆ, ನಮಗೆ ಅದು ಎಷ್ಟು ಹೊತ್ತು ಬೇಕು?

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆ ಎಂದುಕೊಳ್ಳಿ. ಅದರೊಳಗಿನ ಗಾಳಿಯನ್ನಷ್ಟೇ ಹತ್ತು ಡಿಗ್ರಿ ಬಿಸಿ ಮಾಡಲು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ ಸಾಕು. ಉಳಿದದ್ದನ್ನೆಲ್ಲ ಗೋಡೆ, ಚಾವಣಿ, ಬಾಗಿಲ ಸಂದು ನುಂಗುತ್ತವೆ. ಮಣ್ಣಿನ ಮಾಳಿಗೆಯ ಹಳೆಯ ಮನೆ ಹಗಲಿನ ಬಿಸಿಲನ್ನು ರಾತ್ರಿಗೂ ಉಳಿಸಿಕೊಳ್ಳುತ್ತದೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದವರು ಕಟ್ಟಿಕೊಂಡಂಥ ತೆಳು ಗೋಡೆ, ಸ್ಲ್ಯಾಬಿನ ಮನೆಗಳು ಬೆಳಗಿನ ಜಾವಕ್ಕೆ ತಣ್ಣಗಾಗಿರುತ್ತವೆ. ಎರಡು ಗೋಡೆ ಹೊರಗಿನ ಗಾಳಿಗೆ ಒಡ್ಡಿಕೊಂಡ ಅಂಥ ಕೋಣೆ, ಹೊರಗೆ 13 ಡಿಗ್ರಿ ಇರುವಾಗ ಒಳಗೆ 22ರಲ್ಲಿ ನಿಲ್ಲಬೇಕಾದರೆ ಅಂದಾಜು 700 ವ್ಯಾಟ್ ಸತತವಾಗಿ ಬೇಕು. ಸಣ್ಣ ಕೋಣೆಗೆ 2,000 ವ್ಯಾಟ್ ಬೇಕೆನ್ನುವುದು ಬೇಗ ಬಿಸಿಯಾಗಲಿ ಎಂಬ ಆತುರಕ್ಕೆ ಮಾತ್ರ.

ಮೂರರ ಗುಣ ಬೇರೆಯಾಗುವುದು ಇಲ್ಲಿ. ಕ್ವಾರ್ಟ್ಜ್ ಹೀಟರಿನ ಕೆಂಪು ಕೊಳವೆ ಗಾಳಿಯನ್ನು ಕಾಯಿಸುತ್ತ ಕೂರುವುದಿಲ್ಲ. ಎದುರಿಗೆ ಕುಳಿತವರ ಮೈಗೆ ನೇರವಾಗಿ ಶಾಖ ಕೊಡುತ್ತದೆ. ಕೋಣೆ ತಣ್ಣಗಿದ್ದರೂ ಮೊಣಕಾಲು ಬೆಚ್ಚಗಾಗುತ್ತದೆ, ಮಗ್ಗುಲಿಗೆ ಸರಿದರೆ ಮತ್ತೆ ಚಳಿ. ಫ್ಯಾನ್ ಹೀಟರ್ ಕೋಣೆಯ ಗಾಳಿಯನ್ನು ಕೆಲವೇ ನಿಮಿಷಗಳಲ್ಲಿ ಬಿಸಿ ಮಾಡುತ್ತದೆ, ಆದರೆ ಸದ್ದು ಜಾಸ್ತಿ, ಆರಿಸಿದ ಕೂಡಲೇ ಗೋಡೆಗಳು ಆ ಬಿಸಿಯನ್ನು ಎಳೆದುಕೊಳ್ಳುತ್ತವೆ. ರೇಡಿಯೇಟರ್ ಕಾಯಲು ಹದಿನೈದಿಪ್ಪತ್ತು ನಿಮಿಷ ಬೇಕು. ಆಮೇಲೆ ಥರ್ಮೋಸ್ಟಾಟ್ ತಾನೇ ಆರಿಸುತ್ತ ಹಚ್ಚುತ್ತ ಸದ್ದಿಲ್ಲದೆ ರಾತ್ರಿಯಿಡೀ ಒಂದೇ ಹದದಲ್ಲಿ ಇಡುತ್ತದೆ.

ಈಗ ರೊಕ್ಕದ ಲೆಕ್ಕ. ಬಾಗಲಕೋಟೆ ಜಿಲ್ಲೆಯ ನಮ್ಮ ಈ ಊರುಗಳಿಗೆಲ್ಲ ಹೆಸ್ಕಾಂ ಕರೆಂಟ್. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಒಂದು ಅರ್ಹತೆ ಗೊತ್ತುಮಾಡಿದ್ದಾರೆ: 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ತುಸು ಹೆಚ್ಚುವರಿ. ಅರ್ಹತೆಯೊಳಗಿದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200 ಯೂನಿಟ್‌ವರೆಗೆ ಹೋದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮದೇ.

ನಮ್ಮ ಕಡೆಯವರಿಗೆ ಇದರಲ್ಲೊಂದು ಅನುಕೂಲವಿದೆ. ಅರ್ಹತೆ ವರ್ಷದ ಸರಾಸರಿ. ಆ ಸರಾಸರಿಯನ್ನು ಮೇಲೇರಿಸಿದ್ದು ಏಪ್ರಿಲ್, ಮೇ ತಿಂಗಳ ಫ್ಯಾನು, ಕೂಲರು. ಚಳಿಗಾಲದಲ್ಲಿ ಅವು ನಿಂತಿರುತ್ತವೆ, ಹಾಗಾಗಿ ಅರ್ಹತೆಗೂ ಬಳಕೆಗೂ ನಡುವೆ ಒಂದಿಷ್ಟು ಯೂನಿಟ್ ಖಾಲಿ ಉಳಿಯುತ್ತದೆ. ಹೀಟರನ್ನು ಕೂರಿಸಬೇಕಾದದ್ದು ಆ ಖಾಲಿ ಜಾಗದಲ್ಲಿ.

ಅರ್ಹತೆ 110 ಯೂನಿಟ್, ಜನವರಿಯ ಬಳಕೆ 70 ಇರುವ ಮನೆಯೊಂದನ್ನು ತೆಗೆದುಕೊಳ್ಳೋಣ. ಖಾಲಿ ಉಳಿದದ್ದು 40. 800 ವ್ಯಾಟಿನ ಕ್ವಾರ್ಟ್ಜ್ ಹೀಟರನ್ನು ದಿನಾ ಬೆಳಿಗ್ಗೆ ಒಂದೂವರೆ ತಾಸು ಹಚ್ಚಿದರೆ ತಿಂಗಳಿಗೆ 36 ಯೂನಿಟ್. 2,000 ವ್ಯಾಟಿನ ಫ್ಯಾನ್ ಹೀಟರನ್ನು ಕೂಸಿಗೆ ಎಣ್ಣೆ ಹಚ್ಚಿ ಎರೆದು ಒರೆಸುವ ಅರ್ಧ ತಾಸು ಹಚ್ಚಿದರೆ 30 ಯೂನಿಟ್. ಎರಡರಲ್ಲಿ ಯಾವುದಾದರೂ ಬಿಲ್ ಸೊನ್ನೆಯೇ.

ರೇಡಿಯೇಟರನ್ನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಿಟ್ಟರೆ, ಸರಾಸರಿ 700 ವ್ಯಾಟಿನಂತೆ ದಿನಕ್ಕೆ 5.6 ಯೂನಿಟ್, ತಿಂಗಳಿಗೆ 168. ಮನೆಯ 70 ಸೇರಿ 238. ತೆರಿಗೆ, ಸರ್ಚಾರ್ಜ್ ಎಲ್ಲ ಹಿಡಿದು ಯೂನಿಟ್ಟಿಗೆ 7 ರೂಪಾಯಿ ಎಂದುಕೊಂಡರೂ 1,666 ರೂಪಾಯಿ, ನಿಗದಿತ ಶುಲ್ಕ ಬೇರೆ. ಅದೇ ರೇಡಿಯೇಟರಿನ ಥರ್ಮೋಸ್ಟಾಟ್ ತುಸು ಇಳಿಸಿ, ಸರಾಸರಿ 600 ವ್ಯಾಟಿನಲ್ಲಿ ಆರು ತಾಸು ಮಾತ್ರ ಇಟ್ಟರೆ 108 ಯೂನಿಟ್. ಒಟ್ಟು 178. ಕಟ್ಟಬೇಕಾದದ್ದು ಹೆಚ್ಚಾದ 68ಕ್ಕೆ, ಸುಮಾರು 476 ರೂಪಾಯಿ. ಬಳಕೆಯಲ್ಲಿ ಉಳಿದದ್ದು 60 ಯೂನಿಟ್. ಕೈಯಲ್ಲಿ ಉಳಿದದ್ದು ಸಾವಿರದ ಇನ್ನೂರರ ಹತ್ತಿರ. 200ರ ಗೆರೆಯ ಬೆಲೆ ಅದು.

ಹಾಗೆಂದು ರೇಡಿಯೇಟರ್ ಶ್ರೀಮಂತರ ವಸ್ತು ಎಂದು ಬಿಡುವಂತಿಲ್ಲ. ನಮ್ಮ ಅಕ್ಕನ ಮನೆ ಬನಹಟ್ಟಿಯಲ್ಲಿ. ಮಗ್ಗ ಇರುವ ಮನೆ. ನೂಲಿನ ಧೂಳು ಕಿಟಕಿ, ಹಾಸಿಗೆ, ಸೊಳ್ಳೆ ಪರದೆಯ ಮೇಲೆಲ್ಲ ಕೂತಿರುತ್ತದೆ. ಫ್ಯಾನ್ ಹೀಟರ್ ಅದನ್ನು ಹಿಂದಿನಿಂದ ಎಳೆದುಕೊಂಡು ಕಾದ ಸುರುಳಿಗೆ ತಾಗಿಸುತ್ತದೆ. ಮೊದಲು ಸುಟ್ಟ ವಾಸನೆ ಬರುತ್ತದೆ, ಜಾಳಿಗೆ ಮುಚ್ಚಿಕೊಂಡರೆ ಹೀಟರ್ ಒಳಗೇ ಮಿತಿಮೀರಿ ಕಾಯುತ್ತದೆ. ಕ್ವಾರ್ಟ್ಜ್ ಎದುರು ಕೌದಿ ಜಾರಿ ಬಿದ್ದರೆ ಹತ್ತಿಕೊಳ್ಳಲು ತಡವಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೆ, ಹಾಗೆಯೇ ಮಲಗಿದ ಮೇಲೂ ಹೀಟರ್ ಹಚ್ಚಿರಬೇಕಾದ ಬಾಣಂತಿ ಕೋಣೆಗೆ, ಹಾಸಿಗೆ ಹಿಡಿದವರಿಗೆ ನಾನು ಹೇಳುವುದು ರೇಡಿಯೇಟರನ್ನೇ. ಅಂಥಲ್ಲಿ ಕೊಡುವ ಹೆಚ್ಚಿನ ರೊಕ್ಕ ಕರೆಂಟ್ ಉಳಿಸಲಿಕ್ಕಲ್ಲ, ನಿಶ್ಚಿಂತೆಯಿಂದ ನಿದ್ದೆ ಮಾಡಲಿಕ್ಕೆ. ಅದರ ಮೇಲೂ ಬಟ್ಟೆ ಒಣಹಾಕಬಾರದು.

ಹೀಟರಿನ ಬೆಲೆಯ ಜೊತೆ ಸಾಕೆಟ್ಟಿನ ಖರ್ಚನ್ನೂ ಸೇರಿಸಿಕೊಳ್ಳಿ. 2,000 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಹತ್ತಿರ. ಮೊಬೈಲ್ ಚಾರ್ಜರ್ ಸಿಕ್ಕಿಸುವ 6 ಆಂಪಿಯರ್ ಸಾಕೆಟ್ ಅದನ್ನು ತಾಳುವುದಿಲ್ಲ, ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ. 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ದಪ್ಪ ವೈರು ಬೇಕು. ಹತ್ತು ನಿಮಿಷ ಹಚ್ಚಿ, ಆರಿಸಿ, ಪ್ಲಗ್ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ, ಸಾಕೆಟ್ಟಿನ ತೂತು ಕಂದಿದ್ದರೆ ಮೊದಲು ವೈರಿಂಗ್ ಸರಿಮಾಡಿಸಿ. 800 ವ್ಯಾಟಿನ ಕ್ವಾರ್ಟ್ಜ್‌ಗೆ ಈ ತಾಪತ್ರಯ ಇಲ್ಲ, ಮೂರೂವರೆ ಆಂಪಿಯರ್ ಸಾಕು.

ನಮ್ಮ ಅವ್ವ ಏಳುವುದು ಐದಕ್ಕೆ. ಏಳಕ್ಕೆ ಬಿಸಿಲು ಅಂಗಳಕ್ಕೆ ಬಂದರೆ ಅವಳು ಕೋಣೆಯಲ್ಲಿ ಇರುವುದಿಲ್ಲ. ಅಷ್ಟು ಹೊತ್ತಿನ ಮೊಣಕಾಲ ನೋವಿಗೆ ನಾಲ್ಕೂ ಗೋಡೆ ಕಾಯಿಸುವುದು ದಂಡ. ಎರಡು ಕೊಳವೆಯ, ಬಿದ್ದರೆ ತಾನೇ ಆರುವ ಸ್ವಿಚ್ ಇರುವ ಕ್ವಾರ್ಟ್ಜ್ ಹೀಟರ್ ತಂದೆ. ಮೈ ಬೆಚ್ಚಗಾದ ಮೇಲೆ ಒಂದು ಕೊಳವೆ ಆರಿಸಿ 400 ವ್ಯಾಟಿನಲ್ಲೇ ಕೂರುತ್ತಾಳೆ. ಮುಧೋಳದಲ್ಲಾಗಲಿ ಜಮಖಂಡಿಯಲ್ಲಾಗಲಿ ನಮಗೆ ಚಳಿ ಅಂದರೆ ಎರಡು, ಎರಡೂವರೆ ತಿಂಗಳು, ಅದರಲ್ಲೂ ದಿನಕ್ಕೆ ಕೆಲವು ತಾಸು. ಎಚ್ಚರವಿದ್ದು ಒಬ್ಬರೇ ಕೂರುವುದಾದರೆ ಕ್ವಾರ್ಟ್ಜ್, ಅರ್ಧ ತಾಸಿನ ಕೆಲಸಕ್ಕೆ ಫ್ಯಾನ್, ನಿದ್ದೆಯಲ್ಲೂ ಬೇಕಾದರೆ ರೇಡಿಯೇಟರ್. ಯಾವುದನ್ನೇ ತಂದರೂ ತಿಂಗಳ ನಡುವೆ ಒಮ್ಮೆ ಮೀಟರ್ ಓದಿ. ರೀಡಿಂಗ್ ಆಗಿ ಹದಿನೈದು ದಿನಕ್ಕೆ 100 ಯೂನಿಟ್ ದಾಟಿದ್ದರೆ ಥರ್ಮೋಸ್ಟಾಟ್ ಇಳಿಸಿ, ಕೌದಿ ಇನ್ನೊಂದು ಹೊದ್ದುಕೊಳ್ಳಿ.