ಅನಿಮೇಶನ್‌ಗೆ ಮೊದಲು ಅನಿಮ್ಯಾಟಿಕ್: ಕೋಶ ವಿಭಜನೆಯ ಪಾಠದಲ್ಲಿ ವೇಗದ ಪರೀಕ್ಷೆ

ಮೈಸೂರಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆಂದು ಒಂಬತ್ತನೇ ತರಗತಿಯ ‘ಮೈಟಾಸಿಸ್’ ಪಾಠಕ್ಕೆ ಉಣ್ಣೆದಾರದ ತುಂಡುಗಳನ್ನು ವರ್ಣತಂತುಗಳಾಗಿ ಬಳಸಿ ಸ್ಟಾಪ್-ಮೋಷನ್ ಚಿತ್ರವೊಂದನ್ನು ಯೋಜಿಸಿದೆ. ಸೆಕೆಂಡಿಗೆ 12 ಫೋಟೊಗಳಂತೆ 90 ಸೆಕೆಂಡಿಗೆ 1080 ಫೋಟೊಗಳು ಬೇಕು. ದಾರದ ಚಲನೆಯ ವೇಗ ಸರಿಹೋಗದಿದ್ದರೆ ಆ ಭಾಗವನ್ನು ಪೂರ್ತಿ ಮತ್ತೆ ತೆಗೆಯಬೇಕಾಗುತ್ತದೆ. ಆದ್ದರಿಂದ ಮೊದಲು ಅನಿಮ್ಯಾಟಿಕ್ ಸಿದ್ಧಪಡಿಸಿದೆ. ಸ್ಥಿರ ಕರಡು ಚಿತ್ರಗಳನ್ನು ತಾತ್ಕಾಲಿಕ ಧ್ವನಿಯೊಂದಿಗೆ ನಿಗದಿತ ಕಾಲಕ್ಕೆ ಜೋಡಿಸಿದ ವಿಡಿಯೊವೇ ಅನಿಮ್ಯಾಟಿಕ್. 1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೊದಲ್ಲಿ ಇಂಥದ್ದನ್ನು ‘ಲೈಕಾ ರೀಲ್’ ಎನ್ನುತ್ತಿದ್ದರು.

ತಯಾರಿಕೆಯ ಕ್ರಮ

ಪೆನ್ಸಿಲಿನಲ್ಲಿ 11 ಚಿತ್ರಗಳನ್ನು ಬರೆದು ಮೊಬೈಲಿನಲ್ಲಿ ಫೋಟೊ ತೆಗೆದೆ. ವಿವರಣೆಯನ್ನು ತರಗತಿಯಲ್ಲಿ ಹೇಳುವ ವೇಗದಲ್ಲೇ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿದೆ. ಹಿನ್ನೆಲೆಯಲ್ಲಿ ಫ್ಯಾನಿನ ಸದ್ದಿದ್ದರೂ ಅಡ್ಡಿಯಿಲ್ಲ, ವೇಗ ಮಾತ್ರ ನಿಜವಾಗಿರಬೇಕು. ಎಡಿಟಿಂಗ್ ತಂತ್ರಾಂಶದಲ್ಲಿ ಮೊದಲು ಧ್ವನಿಯನ್ನಿಟ್ಟು, ಪ್ರತಿ ವಾಕ್ಯದ ಉದ್ದಕ್ಕೆ ತಕ್ಕಂತೆ ಅದರ ಕೆಳಗೆ ಚಿತ್ರಗಳನ್ನು ಹೊಂದಿಸಿದೆ.

ಪರೀಕ್ಷೆಯಲ್ಲಿ ಕಂಡದ್ದು

ಇದನ್ನು ಆರು ಮಕ್ಕಳಿಗೆ ತೋರಿಸಿ, ಪ್ರತಿ ಹಂತದಲ್ಲೂ ನಿಲ್ಲಿಸಿ “ಈಗ ಏನಾಯಿತು?” ಎಂದು ಕೇಳಿದೆ. ಮೆಟಾಫೇಸ್ ಹಂತದ ವಾಕ್ಯ ಹೀಗಿತ್ತು: “ವರ್ಣತಂತುಗಳು ಕೋಶದ ಮಧ್ಯಭಾಗಕ್ಕೆ ಬಂದು ಒಂದೇ ಸಾಲಿನಲ್ಲಿ ನಿಲ್ಲುತ್ತವೆ.” ಇದನ್ನು ಹೇಳಲು 6 ಸೆಕೆಂಡು ಬೇಕು. ಚಿತ್ರ ಬದಲಾಗುತ್ತಿದ್ದುದು 2ನೇ ಸೆಕೆಂಡಿನಲ್ಲಿ. ನಾಲ್ವರು “ಸಾಲಾಗಿವೆ” ಎಂದರೇ ಹೊರತು, ಅವು ಅಲ್ಲಿಗೆ ಬಂದವು ಎಂದು ಹೇಳಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಮಾತು ಕ್ರಿಯೆಯನ್ನು ಹೇಳುವ ಹೊತ್ತಿಗೆ ಚಿತ್ರದಲ್ಲಿ ಆ ಕ್ರಿಯೆ ಮುಗಿದುಹೋಗಿತ್ತು.

ಆದ್ದರಿಂದ “ಮಧ್ಯಭಾಗಕ್ಕೆ” ಎನ್ನುವವರೆಗೆ ಚಿತ್ರವನ್ನು ಸ್ಥಿರವಾಗಿಟ್ಟು, “ಬಂದು” ಎನ್ನುವಲ್ಲಿ ಚಲನೆ ಆರಂಭಿಸಿ, ವಾಕ್ಯ ಮುಗಿದ ಮೇಲೆ ನೋಡಲು 2 ಸೆಕೆಂಡು ಮೌನ ಕೊಟ್ಟೆ. ಅನಾಫೇಸ್‌ನಲ್ಲಿ ಕ್ರೊಮ್ಯಾಟಿಡ್‌ಗಳು ಬೇರ್ಪಡುವುದನ್ನೂ ಧ್ರುವಗಳತ್ತ ಸರಿಯುವುದನ್ನೂ ಒಂದೇ ವಾಕ್ಯ ಹೇಳುತ್ತಿತ್ತು. ಅದನ್ನು ಎರಡು ವಾಕ್ಯಗಳಾಗಿ ಒಡೆದೆ. ಎರಡನೇ ಬಾರಿ ಬೇರೆ ಆರು ಮಕ್ಕಳಿಗೆ ತೋರಿಸಿದಾಗ ಐವರು ಚಲನೆಯನ್ನೂ ವಿವರಿಸಿದರು.

ಹೊಸ ಉದ್ದ 104 ಸೆಕೆಂಡು. ಅದರಲ್ಲಿ 46 ಸೆಕೆಂಡು ಚಿತ್ರ ಸ್ಥಿರವಾಗಿರುತ್ತದೆ. ಅಲ್ಲಿ ಒಂದೇ ಫೋಟೊವನ್ನು ಎಳೆದು ಬಳಸಬಹುದು. ಉಳಿದ 58 ಸೆಕೆಂಡಿಗೆ 696 ಫೋಟೊ ಸಾಕು. ಚಿತ್ರ ಉದ್ದವಾದರೂ ಕೆಲಸ ಕಡಿಮೆಯಾಯಿತು.

ಮಿತಿಗಳು

ಅನಿಮ್ಯಾಟಿಕ್‌ನಲ್ಲಿ ಚಿತ್ರ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿಯುವುದರಿಂದ ಚಲನೆ ನಯವಾಗಿದೆಯೇ ಎಂಬುದು ಗೊತ್ತಾಗದು. ಅದಕ್ಕೆ ಒಂದು ಹಂತವನ್ನಷ್ಟೇ ದಾರದಲ್ಲಿ ತೆಗೆದು ನೋಡಬೇಕು. ಸ್ಥಿರ ಚಿತ್ರ ನಿಜಕ್ಕಿಂತ ನಿಧಾನವೆನಿಸುವುದೂ ಉಂಟು. ಬೇಸರವೆನಿಸಿತೆಂದು ಕೂಡಲೇ ಕತ್ತರಿಸದೆ ಮಕ್ಕಳ ಉತ್ತರವನ್ನು ಗಮನಿಸುವುದು ಒಳ್ಳೆಯದು. ಅಂತಿಮ ಧ್ವನಿಯನ್ನು ಬೇರೆಯವರು ಕೊಡುವುದಾದರೆ ಅವರ ಓದಿನ ವೇಗ ಬೇರೆಯಿರುತ್ತದೆ. ಹಾಗಾಗಿ ಫೋಟೊ ತೆಗೆಯುವ ಮೊದಲೇ ಅವರ ಧ್ವನಿಯನ್ನು ಅನಿಮ್ಯಾಟಿಕ್‌ಗೆ ಜೋಡಿಸಿ, ಪ್ರತಿ ವಾಕ್ಯದ ಸೆಕೆಂಡುಗಳನ್ನು ಮತ್ತೆ ಅಳೆಯಬೇಕು.