ಬೋಗುಣಿಯಲ್ಲಿ ತುಂಬಿದ ರಾತ್ರಿ: ಬಾನುಲಿ ನಾಟಕದ ಒಂದು ದೃಶ್ಯ

ಬಾನುಲಿ ನಾಟಕದಲ್ಲಿ ನಿರೂಪಕನನ್ನು ಕೈಬಿಟ್ಟರೆ ಸ್ಥಳ, ಮನಃಸ್ಥಿತಿ ಮತ್ತು ಕಾಲದ ಸರಿಯುವಿಕೆ ಈ ಮೂರನ್ನೂ ಮಾತು ಮತ್ತು ಸದ್ದುಗಳೇ ಹೊರಬೇಕಾಗುತ್ತದೆ. 1924ರ ಜನವರಿ 15ರಂದು ಬಿಬಿಸಿ ಪ್ರಸಾರ ಮಾಡಿದ ರಿಚರ್ಡ್ ಹ್ಯೂಸ್ ಅವರ ‘ಡೇಂಜರ್’ ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲೊಂದು. ವೇಲ್ಸ್‌ನ ಕಲ್ಲಿದ್ದಲು ಗಣಿಯೊಳಗೆ ದೀಪ ಆರಿಹೋಗುವುದರಿಂದ ಅದರ ಪಾತ್ರಗಳಿಗೂ ಕೇಳುಗರಂತೆಯೇ ಏನೂ ಕಾಣುವುದಿಲ್ಲ, ಆದ್ದರಿಂದ ಅವರು ಸುತ್ತಲಿನದನ್ನು ಮಾತಿನಲ್ಲಿ ಹೇಳಿಕೊಳ್ಳುವುದು ಸಹಜವೆನಿಸುತ್ತದೆ. ದೀಪ ಉರಿಯುತ್ತಿರುವ ಮನೆಯಲ್ಲಿ ಈ ಅನುಕೂಲವಿಲ್ಲ. ಕಣ್ಣೆದುರಿಗಿರುವುದನ್ನು ಯಾರೂ ಒಬ್ಬರಿಗೊಬ್ಬರು ವರ್ಣಿಸುವುದಿಲ್ಲ.

ಪ್ರಸ್ತುತ ಲೇಖಕನು ಬರೆದು ಧ್ವನಿಮುದ್ರಿಸಿದ ದೃಶ್ಯವೊಂದರಲ್ಲಿ, ಮಲೆನಾಡಿನ ಹೆಂಚಿನ ಮನೆಯೊಳಗೆ ಅತ್ತೆ ಮತ್ತು ಸೊಸೆ ಪೇಟೆಗೆ ಹೋದ ಮಗನಿಗಾಗಿ ಮಳೆಯ ರಾತ್ರಿ ಕಾಯುತ್ತಾರೆ. ಮೊದಲ ಕರಡಿನಲ್ಲಿ ಸೊಸೆ, “ಎಂಟು ಗಂಟೆಯಾಯಿತು, ಹೊರಗೆ ಜೋರು ಮಳೆ, ನಮ್ಮ ಹೆಂಚಿನ ಮನೆ ಸೋರುತ್ತಿದೆ” ಎಂದು ಅತ್ತೆಗೆ ಹೇಳುತ್ತಿದ್ದಳು. ಇದೆಲ್ಲ ಅತ್ತೆಗೆ ಮೊದಲೇ ಗೊತ್ತಿರುವುದರಿಂದ ಆ ಮಾತು ಕೇಳುಗನಿಗಾಗಿ ಆಡಿದ್ದೆಂಬುದು ತಕ್ಷಣ ಬಯಲಾಗುತ್ತಿತ್ತು. ತಿದ್ದಿದ ರೂಪ ಹೀಗಿತ್ತು:

“ಅತ್ತೆ, ಚೆಂಬು ಸಾಲ್ದು. ಆ ಬೋಗುಣಿ ಕೊಡಿ.”

“ಮೊದ್ಲು ಹಾಸಿಗೆ ಎಳಿ ಮಾರಾಯ್ತಿ.”

ಈ ಎರಡು ಮಾತುಗಳಲ್ಲಿ ಮಳೆ ಎಂಬ ಪದವಿಲ್ಲ; ಆದರೆ ಬರಿಯ ಬೋಗುಣಿಗೆ ಬಿದ್ದ ಮೊದಲ ಹನಿಯ ‘ಟಣ್’ ಸದ್ದಿನೊಡನೆ ಸೋರುವ ಮಾಡು, ಮಲಗುವ ಹೊತ್ತು, ಮನೆಯ ಬಡತನ, ಸಂಬಂಧದ ಸಲಿಗೆ ಎಲ್ಲವೂ ಒಟ್ಟಿಗೇ ಬರುತ್ತವೆ.

ಮಳೆಯ ಸದ್ದು ಮಾತ್ರ ಮೊದಲ ಮುದ್ರಣದಲ್ಲಿ ಕೈಕೊಟ್ಟಿತು. ಬಯಲಲ್ಲಿ ಹಿಡಿದ ಜೋರು ಮಳೆಯನ್ನು ಹಿನ್ನೆಲೆಯಾಗಿ, ಎಂದರೆ ಮಾತಿನಡಿಯಲ್ಲಿ ಸತತವಾಗಿ ಹರಿಯುವ ಸದ್ದಾಗಿ ಸೇರಿಸಿದಾಗ, ಹಸ್ತಪ್ರತಿ ನೋಡದೆ ಗೋಡೆಗೆ ಮುಖ ಮಾಡಿ ಕುಳಿತು ಕೇಳಿದವರಲ್ಲೊಬ್ಬರು ಒಲೆಯ ಮೇಲೆ ಏನು ಕರಿಯುತ್ತಿದ್ದಾರೆಂದು ಕೇಳಿದರು. ಆ ಗೊಂದಲಕ್ಕೆ ಕಾರಣವಿದೆ: ಕಾದ ಎಣ್ಣೆಯ ಚಟಪಟವೂ ದಟ್ಟ ಮಳೆಯೂ ಲೆಕ್ಕವಿಲ್ಲದಷ್ಟು ಪುಟ್ಟ ಸದ್ದುಗಳು ಒಂದಾದ ಮೊರೆತವಾಗಿದ್ದು, ಆಕಾರವಿಲ್ಲದ ಮೊರೆತವನ್ನು ಕಿವಿ ತನಗೆ ತೋಚಿದಂತೆ ಗುರುತಿಸುತ್ತದೆ. ಮಳೆಗೆ ಅದು ಬೀಳುವ ಮೈ ಬೇಕು. ಬಾಳೆಲೆಯ ಮೇಲಿನ ಪಟಪಟವನ್ನು ತುಸು ದೂರದಲ್ಲಿಯೂ ಬೋಗುಣಿಯ ಹನಿಯನ್ನು ಮೈಕಿನ ಹತ್ತಿರದಲ್ಲಿಯೂ ಹಿಡಿದಾಗ ಒಳಗು ಹೊರಗುಗಳು ಬೇರ್ಪಟ್ಟು ಅವುಗಳ ನಡುವೆ ಒಂದು ಗೋಡೆ ಎದ್ದಿತು. ಐದಾರು ಸೆಕೆಂಡು ಹಾಗೆ ಕೇಳಿಸಿದ ಮೇಲೆ ಹೊರಗಿನ ಮಳೆಯನ್ನು ತಗ್ಗಿಸಿ ಮಾತಿಗೆ ಜಾಗ ಬಿಡಲಾಯಿತು.

ಕಾಲವನ್ನು ತೋರಿಸುವ ಕೆಲಸವೂ ಆ ಬೋಗುಣಿಗೇ ಬಂದಿತು. ಗಡಿಯಾರದ ಗಂಟೆ ಸುಲಭದ ದಾರಿಯೇನೋ ಹೌದು, ಆದರೆ ಅದು ಹೊತ್ತು ಎಷ್ಟೆಂದು ಹೇಳುತ್ತದೆಯೇ ಹೊರತು ಹೊತ್ತು ಕಳೆದುದನ್ನು ಹೇಳುವುದಿಲ್ಲ. ಬರಿಯ ಲೋಹದ ಪಾತ್ರೆಯ ತಳ ಹನಿ ಬಿದ್ದಾಗ ಕಂಪಿಸಿ ತೆಳ್ಳಗೆ ಮೊಳಗುತ್ತದೆ. ನೀರು ನಿಂತಂತೆ ಆ ಕಂಪನ ಅಡಗಿ, ನೀರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯ ‘ಗುಳುಕ್’ ಮುಂದೆ ಬರುತ್ತದೆ. ಖಾಲಿ, ಅರ್ಧ, ಕಂಠಮಟ್ಟ ಎಂದು ಮೂರು ಹಂತಗಳಲ್ಲಿ ಹನಿಯನ್ನು ಮುದ್ರಿಸಿಕೊಂಡು, ಒಂದು ಹಂತವನ್ನು ಮೆಲ್ಲನೆ ಇಳಿಸಿ ಎರಡು ಸೆಕೆಂಡುಗಳ ಮೌನದ ಬಳಿಕ ಮುಂದಿನದನ್ನು ಏರಿಸಲಾಯಿತು. ಮೌನ ಇನ್ನೂ ಉದ್ದವಾದರೆ ಪ್ರಸಾರವೇ ನಿಂತಿತೆಂದು ಕೇಳುಗ ರೇಡಿಯೋ ತಿರುಗಿಸುವ ಅಪಾಯವಿರುತ್ತದೆ. ಹನಿಯ ಬದಲಾವಣೆಯೊಂದನ್ನೇ ನಂಬುವುದೂ ಸರಿಯಲ್ಲ, ಏಕೆಂದರೆ ಅಡುಗೆಮನೆಯ ಗದ್ದಲದ ನಡುವೆ ನಾಟಕ ಕೇಳುವವರಿಗೆ ಆ ಸೂಕ್ಷ್ಮ ತಲುಪದೆ ಹೋಗಬಹುದು. ಆದ್ದರಿಂದ ಎರಡನೆಯ ಹಂತ “ಅನ್ನ ಆರಿಹೋಯ್ತು” ಎಂಬ ಅತ್ತೆಯ ಮಾತಿನಿಂದ ತೊಡಗುತ್ತದೆ.

ಆತಂಕವನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ದೂರದಲ್ಲಿ ಬೈಕಿನ ಸದ್ದು ಕೇಳಿದೊಡನೆ ಸೊಸೆಯ ಮಾತು ಅರ್ಧಕ್ಕೆ ನಿಲ್ಲುತ್ತದೆ, ಪಾತ್ರೆಯ ಮುಚ್ಚಳ ತೆರೆಯುತ್ತದೆ, ಸದ್ದು ಹತ್ತಿರವಾಗಿ ತಿರುವಿನಲ್ಲಿ ನಿಧಾನಿಸದೆ ದಾಟಿಹೋಗುತ್ತದೆ. ಬಳಿಕ ಮುಚ್ಚಳ ಮತ್ತೆ ಕೂರುತ್ತದೆ. ಇಲ್ಲಿ ನಟಿಯೊಬ್ಬರು ನಿಟ್ಟುಸಿರು ಸೇರಿಸಿದ್ದರು, ಅದನ್ನು ತೆಗೆಯಬೇಕಾಯಿತು, ಏಕೆಂದರೆ ಮುಚ್ಚಳ ಆಗಲೇ ಹೇಳಿದ್ದನ್ನು ಉಸಿರು ಮತ್ತೊಮ್ಮೆ ಹೇಳುತ್ತಿತ್ತು.

ಇಬ್ಬರು ಸ್ತ್ರೀಯರ ದನಿ ಒಂದೇ ಶ್ರುತಿಯಲ್ಲಿದ್ದರೆ ಯಾರು ಯಾರೆಂದು ತಿಳಿಯದ ತೊಡಕೂ ಎದುರಾಯಿತು. ಅತ್ತೆಯನ್ನು ಮೈಕಿನಿಂದ ಒಂದು ಗೇಣು ದೂರದಲ್ಲಿ ಕೂರಿಸಿ, ಓಡಾಡುವ ಸೊಸೆಯನ್ನು ನಾಲ್ಕೈದು ಅಡಿ ಆಚೆಯಿಂದ ಮಾತಾಡಿಸಿದಾಗ ಅದು ತಿಳಿಯಾಯಿತು, ಜೊತೆಗೆ ಕೋಣೆಯ ಅಳತೆಯೂ ಮೂಡಿತು.

ಕೊನೆಯ ಹಂತದಲ್ಲಿ ಬಾಳೆಲೆಯ ಪಟಪಟ ನಿಂತು ಕಪ್ಪೆಗಳ ವಟಗುಟ್ಟುವಿಕೆ ಏಳುತ್ತದೆ, ಬೋಗುಣಿಯ ಹನಿಗಳ ನಡುವಣ ಅಂತರ ಹಿಗ್ಗುತ್ತದೆ. ಸೊಸೆ ಅದನ್ನೆತ್ತಿ ಅಂಗಳಕ್ಕೆ ಚೆಲ್ಲಿ ತಂದಿಟ್ಟ ಮೇಲೆ ಬೀಳುವ ಹನಿ ಮತ್ತೆ ‘ಟಣ್’ ಎನ್ನುತ್ತದೆ.