ಬಿಳಿಚಿದ ಹವಳ ಸತ್ತಿದೆಯೇ?

ಹವಳವು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಸಮೂಹ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬಳಸಿ ಪ್ರತಿ ಪಾಲಿಪ್ ತನ್ನಡಿ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ. ಹಳೆಯದರ ಮೇಲೆ ಹೊಸದು ಕೂಡುತ್ತ ಸಾವಿರಾರು ವರ್ಷಗಳಲ್ಲಿ ದಿಬ್ಬ ಏಳುತ್ತದೆ. ಲಕ್ಷದ್ವೀಪ ನಿಂತಿರುವುದೇ ಇಂಥ ದಿಬ್ಬಗಳ ಮೇಲೆ.

ಪಾಲಿಪ್‌ನ ಆಹಾರದ ಬಹುಪಾಲನ್ನು ತಯಾರಿಸುವುದು ಅದರ ಮೈಯೊಳಗಿನ ಜೂಕ್ಸಾಂಥೆಲೆ ಎಂಬ ಸೂಕ್ಷ್ಮ ಪಾಚಿ. ಬಣ್ಣವೂ ಮುಖ್ಯವಾಗಿ ಅದರದೇ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಸುಮಾರು 1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ, ಪಾಚಿಯ ದ್ಯುತಿಸಂಶ್ಲೇಷಣೆ ಕೆಟ್ಟು ವಿಷಕಾರಿ ಆಮ್ಲಜನಕ ರೂಪಗಳು ಹೆಚ್ಚುತ್ತವೆ. ಆಗ ಪಾಲಿಪ್ ಪಾಚಿಯನ್ನು ಹೊರಹಾಕುತ್ತದೆ. ಪಾರದರ್ಶಕ ಮೈಯ ಮೂಲಕ ಬಿಳಿ ಸುಣ್ಣ ಕಾಣುತ್ತದೆ. 1998, 2010, 2016ರ ಎಲ್ ನಿನೋ ಬಿಸಿಗೆ ಲಕ್ಷದ್ವೀಪದಲ್ಲಿ ಆದದ್ದು ಇದೇ.

ಹಲವರು ಎಡವುವುದು ಇಲ್ಲಿ: ಬಿಳಿಚಿದ ಹವಳ ಹಸಿದಿದೆ, ಸತ್ತಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ. ಬಿಳಿ ಅಸ್ಥಿಯ ಮೇಲೆ ಬೇರೆ ಪಾಚಿಯ ನವಿರು ಹೊದಿಕೆ ಹಬ್ಬಿದ್ದರೆ ಆ ಭಾಗ ಸತ್ತಿದೆ ಎಂದರ್ಥ.